ಬಟ್ಟೆಯಕ್ಕ ಬಾಯಿಪಾಠ ಬಿಟ್ಟದ್ದು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬೆಡ್‌ಶೀಟು, ದಿಂಬಿನ ಕವರುಗಳ ರಾಶಿಯ ನಡುವೆ ಅರ್ಧ ಆಯಸ್ಸು ಕಳೆದವಳನ್ನು ಎಲ್ಲರೂ ಬಟ್ಟೆಯಕ್ಕ ಎಂದೇ ಕರೆಯುತ್ತಿದ್ದರು. ಮಾತಿನ ಮಲ್ಲಿ. ಯಾವ ವಾರ್ಡಿನ ಆಯಾ ಯಾರ ಮೇಲೆ ಮುಖ ಊದಿಸಿಕೊಂಡಿದ್ದಾಳೆ ಎಂಬುದರ ವರದಿಯನ್ನು ನಿಂತಲ್ಲೇ ಒಪ್ಪಿಸುವವಳು. ಆದರೆ ಹಬೆ, ಬ್ಲೀಚಿನ ವಾಸನೆ ಸೇರಿ ಅವಳ ಎದೆ ಕಟ್ಟತೊಡಗಿತ್ತು. ಆ ಕೋಣೆ ಬಿಡದಿದ್ದರೆ ಕೆಮ್ಮು ಬಿಡುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಮೇಲಿನ ವಿಚಾರಣೆ ಕೌಂಟರಿನಲ್ಲಿ ಒಂದು ಜಾಗ ಖಾಲಿಯಿತ್ತು. ಹಿಂದೊಮ್ಮೆ ಅದೇ ಕೆಲಸದ ಸಂದರ್ಶನಕ್ಕೆ ಹೋಗಿ ಮಾನ ಕಳೆದುಕೊಂಡು ಬಂದಿದ್ದಳು. ‘ನಿಮ್ಮ ಬಗ್ಗೆ ಹೇಳಿ’ ಎಂದದ್ದೇ ತಡ, ಉರು ಹೊಡೆದದ್ದನ್ನು ಒಂದೇ ಉಸಿರಿಗೆ ಒದರತೊಡಗಿದ್ದಳು. ನಡುವೆ ಯಾರೋ ‘ಯಾವ ವಾರ್ಡಿಗೆ ಬಟ್ಟೆ ಕೊಡ್ತೀರಿ?’ ಎಂದರು. ಅವಳು ಮತ್ತೆ ‘ನಮಸ್ಕಾರ’ದಿಂದ ಶುರು ಮಾಡಿದಳು. ಕೂತವರು ನಕ್ಕರು. ಕೆಲಸ ಬೇರೆಯವರ ಪಾಲಾಯಿತು.

ಈ ಸಲ ನಾದಿನಿಯನ್ನು ಕರೆಸಿಕೊಂಡಳು. ನಾದಿನಿಯ ಹೊಟ್ಟೆಪಾಡೇ ಕೆಲಸ ಹುಡುಕುವವರಿಗೆ ಮಾತು ಕಲಿಸುವುದು. ‘ಎಲ್ಲಿ, ಹೇಳಿ ಅತ್ತಿಗೆ’ ಎಂದಳು. ಬಟ್ಟೆಯಕ್ಕ ತಾನು ದಿನಾ ಅಭ್ಯಾಸ ಮಾಡುವ ಗೋಡೆಯ ಮುಂದೆ ಸೆಟೆದು ನಿಂತಳು. ‘ನಮಸ್ಕಾರ. ನಾನು ಈ ಆಸ್ಪತ್ರೆಯಲ್ಲಿ ಬಹುಕಾಲದಿಂದ ಸೇವೆ ಸಲ್ಲಿಸುತ್ತಿದ್ದು...’

‘ಗ್ಯಾಸ್ ಆಫ್ ಮಾಡಿದ್ರಾ?’ ನಾದಿನಿ ನಡುವೆ ಕೇಳಿದಳು.

‘ಹ್ಞಾಂ, ಮಾಡಿದೆ. ನಮಸ್ಕಾರ. ನಾನು ಈ ಆಸ್ಪತ್ರೆಯಲ್ಲಿ...’

ಪೇಪರಿನ ಹಿಂದಿನಿಂದ ಗಂಡನ ನಗು ಕೇಳಿಸಿತು. ‘ನೋಡು, ಕ್ಯಾಸೆಟ್ ಹಿಂದಕ್ಕೆ ಸುತ್ತಿಕೊಂಡು ಹೋಯ್ತು!’

‘ಅಣ್ಣ, ನೀನು ಸುಮ್ನಿರು. ಅತ್ತಿಗೆ, ಸೇವೆ ಸಲ್ಲಿಸುತ್ತಿದ್ದು ಅಂತ ನೀವು ಹುಟ್ಟಿದ ಮೇಲೆ ಯಾವತ್ತಾದ್ರೂ ಮಾತಾಡಿದ್ದೀರಾ?’

ಅತ್ತಿಗೆ ಉರು ಹೊಡೆಯಲು ಬರೆದಿಟ್ಟಿದ್ದ ಹಾಳೆಯನ್ನು ನಾದಿನಿ ಕಿತ್ತುಕೊಂಡಳು. ಚೀಟಿಯ ಮೇಲೆ ನಾಲ್ಕೇ ಪದ ಬರೆಸಿದಳು: ಬಟ್ಟೆ, ವಾರ್ಡು, ಜನ, ಕೌಂಟರು. ಮೊದಲ ವಾಕ್ಯ, ಕೊನೆಯ ವಾಕ್ಯ ಮಾತ್ರ ಗಟ್ಟಿಯಾಗಿರಲಿ, ನಡುವಿನದನ್ನು ಪ್ರತಿ ಸಲವೂ ಬೇರೆ ಮಾತಿನಲ್ಲೇ ಹೇಳಬೇಕು ಎಂದು ಕಟ್ಟಪ್ಪಣೆ ಮಾಡಿದಳು. ಗೋಡೆಗೆ ರಜೆ. ಬಟ್ಟೆ ಮಡಿಸುತ್ತ ಹೇಳಿ, ಮೆಟ್ಟಿಲು ಹತ್ತುತ್ತ ಹೇಳಿ, ಪಕ್ಕದ ಮನೆಯವಳ ಮುಂದೆ ಹೇಳಿ. ಒಂದು ದಿನ ‘ಜನ’ದಿಂದ ಶುರು, ಇನ್ನೊಂದು ದಿನ ‘ವಾರ್ಡಿ’ನಿಂದ. ಗಂಡನಿಗೂ ಕೆಲಸ ಸಿಕ್ಕಿತು: ನಡುನಡುವೆ ಬಾಯಿ ಹಾಕುವುದು. ಅದಕ್ಕೆ ಆತನಿಗೆ ಹೇಳಿಕೊಡಬೇಕಾಗಿರಲಿಲ್ಲ. ಆತ ಚಮಚ ಎಲ್ಲಿ ಎಂದು ಕೇಳಿದರೆ, ಉತ್ತರ ಕೊಟ್ಟು ಬಿಟ್ಟಲ್ಲಿಂದಲೇ ಮುಂದುವರಿಸಬೇಕಿತ್ತು.

ಕಡಿವಾಣ ಬಿಚ್ಚಿದ್ದೇ ಮಾತು ಎಲ್ಲೆಲ್ಲಿಗೋ ಹೊರಟಿತು. ‘ವಾರ್ಡು’ ಎಂದು ಶುರುವಾದದ್ದು ಆಯಾಳ ಸೊಸೆಯ ಜಗಳಕ್ಕೆ ಹೋಗಿ ಮುಟ್ಟಿತು. ನಾದಿನಿ ತಲೆ ಚಚ್ಚಿಕೊಂಡು, ಒಂದು ಪದಕ್ಕೆ ಒಂದೇ ಸಂಗತಿ ಎಂದು ಗದರಿದಳು. ಆಮೇಲೆ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದಳು. ಬಟ್ಟೆಯಕ್ಕನಿಗೆ ನಾಚಿಕೆಯಾಯಿತು. ಎಲ್ಲ ವಾಕ್ಯಕ್ಕೂ ಒಂದೇ ರಾಗ, ಎಲ್ಲೂ ಉಸಿರಿಲ್ಲ. ಮುಖ್ಯವಾದದ್ದನ್ನು ಹೇಳಿದ ಮೇಲೆ ಒಂದು ಉಸಿರಿನಷ್ಟು ತಡೆದು ನಿಲ್ಲುವುದನ್ನು ಕಲಿತಳು. ಸಂದರ್ಶನಕ್ಕೆ ಹೊರಡುವ ಹೊತ್ತಿಗೆ ಆ ಚೀಟಿಯೂ ಬೇಡವಾಗಿತ್ತು.

ಅಲ್ಲಿ ಹಿಂದಿನ ಸಲದವರೇ ಕೂತಿದ್ದರು: ಮ್ಯಾನೇಜರು, ಒಬ್ಬ ಡಾಕ್ಟರು, ಹಿರಿಯ ನರ್ಸು. ಅವಳು ನರ್ಸಮ್ಮನ ಮುಖ ನೋಡಿ ಮಾತು ಶುರು ಮಾಡಿದಳು. ಎರಡನೆಯ ವಾಕ್ಯಕ್ಕೇ ಮ್ಯಾನೇಜರ ಫೋನು ಹೊಡೆದುಕೊಂಡಿತು. ಅವರು ‘ಆಮೇಲೆ ಮಾಡ್ತೀನಿ’ ಎಂದು ಇಟ್ಟು, ‘ಹ್ಞಾಂ, ಏನೋ ಹೇಳ್ತಿದ್ರಿ’ ಎಂದರು.

ನಾಲಿಗೆ ತುದಿಗೆ ಹಳೆಯ ‘ನಮಸ್ಕಾರ’ ಬಂದು ನಿಂತಿತು. ಬಟ್ಟೆಯಕ್ಕ ಅದನ್ನು ನುಂಗಿ, ಉಸಿರೆಳೆದುಕೊಂಡಳು.

‘ಜನದ ವಿಷ್ಯ ಹೇಳ್ತಿದ್ದೆ ಸರ್. ದಾರಿ ತಪ್ಪಿದವರೆಲ್ಲ ನಮ್ಮ ನೆಲಮಾಳಿಗೆಗೇ ಇಳಿದು ಬರ್ತಾರೆ. ಮೊನ್ನೆ ಒಬ್ಬ ಅಜ್ಜ, ತಮ್ಮ ಹೆಂಡ್ತಿಗೆ ಆಪರೇಷನ್ ಎಲ್ಲಿ ಮಾಡ್ತಿದ್ದಾರೆ ಅಂತ ಬಟ್ಟೆ ಮೂಟೆ ಹತ್ರ ನಿಂತು ಅಳ್ತಿದ್ರು. ಕೈ ಹಿಡ್ಕೊಂಡು ಹೋಗಿ ಬಿಟ್ಟು ಬಂದೆ. ಕೌಂಟರಲ್ಲಿ ಮಾಡೋದೂ ಅದೇ ಅಲ್ವಾ ಅಂತ ಅವತ್ತು ಅನ್ನಿಸ್ತು.’

ವಾರ್ಡಿನ ಬಗ್ಗೆ ಹೇಳಬೇಕಿದ್ದ ಒಂದು ಮಾತು ಪೂರ್ತಿ ಮರೆತೇ ಹೋಯಿತು. ಅದು ಇತ್ತೆಂದು ಅವಳೊಬ್ಬಳನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

‘ಬರ್ಕೊಂಡು ಬಂದಿದ್ರೇನಮ್ಮಾ?’ ಡಾಕ್ಟರು ಕೇಳಿದರು.

‘ಹಿಂದಿನ ಸಲ ಬರ್ಕೊಂಡು ಬಂದಿದ್ದೆ ಸರ್. ನೀವೆಲ್ಲ ನಕ್ಕಿದ್ರಿ.’

ಈಗಲೂ ನಕ್ಕರು. ಈ ನಗುವಿನಲ್ಲಿ ಅವಳೂ ಸೇರಿಕೊಂಡಳು. ನರ್ಸಮ್ಮ ಅಲ್ಲೇ ಮ್ಯಾನೇಜರ ಕಡೆ ತಿರುಗಿ, ‘ನನ್ನ ಕಡೆಯಿಂದ ಇವರೇ’ ಎಂದುಬಿಟ್ಟರು. ಮ್ಯಾನೇಜರು ಬರುವ ವಾರದಿಂದ ಮೇಲೆ ಬನ್ನಿ ಎಂದರು.

ಹೊರಗೆ ಕಾರಿಡಾರಿನಲ್ಲಿ ಕಿಟಕಿ ತೆರೆದಿತ್ತು. ಬಟ್ಟೆಯಕ್ಕ ಅಲ್ಲಿ ನಿಂತು ನಾದಿನಿಗೆ ಫೋನು ಹಚ್ಚಿದಳು.

‘ಏನಾಯ್ತು ಅತ್ತಿಗೆ? ಮಾತಾಡಿ! ಅಯ್ಯೋ, ಮಾತಾಡ್ರೀ!’

ಎದೆಯ ಮೇಲಿನ ಭಾರ ಇಳಿದು ಕಣ್ಣಲ್ಲಿ ನೀರು ತುಂಬಿತ್ತು. ಇಷ್ಟು ದಿನ ಕಲಿತ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

‘ಸಿಕ್ತು ಕಣೇ’ ಎಂದಳು.