ಮೇಲಿನ ಹಕ್ಕಲಿನ ಶುಂಠಿ

ಸೀತೂರಿನ ನಮ್ಮ ಮನೆಗೆ ಗದ್ದೆಯಲ್ಲದೆ ಮೂರು ಹಕ್ಕಲುಗಳಿದ್ದವು, ಮಳೆ ನಂಬಿದ ಒಣ ಹೊಲಗಳು, ಇಳಿಜಾರಿನಲ್ಲಿ ಒಂದರ ಕೆಳಗೊಂದು. ಒಂದು ಹಕ್ಕಲಿಗೆ ಒಂದು ವರ್ಷ ಶುಂಠಿ, ಮರುವರ್ಷ ರಾಗಿ, ಅದರ ಮರುವರ್ಷ ಹುರುಳಿ. ಹುರುಳಿ ತೆಗೆದ ನೆಲಕ್ಕೇ ಮತ್ತೆ ಶುಂಠಿ. ಈ ಸರದಿ ನಮ್ಮ ಅತ್ತೆಯದು. ಬಿತ್ತುವ ಶುಂಠಿಯೂ ಅವರು ತವರಿನಿಂದ ತಂದ ತಳಿ. ಉಪ್ಪು, ಎಣ್ಣೆ, ಉಡುವ ಬಟ್ಟೆ, ಎಲ್ಲ ಶುಂಠಿ ಮಾರಿದ ದುಡ್ಡಿನಿಂದಲೇ.

ಯುದ್ಧದ ಕಾಲ, ಗದ್ದೆಯ ಭತ್ತದಲ್ಲಿ ಬಹುಪಾಲು ಸರ್ಕಾರದ ಲೆವಿಗೆ ಹೋಗುತ್ತಿತ್ತು. ಒಂದು ವರ್ಷ ಮೇಲಿನ ಹಕ್ಕಲಲ್ಲಿ ಅಂಗೈಯಗಲದ ಗಡ್ಡೆಗಳು ಬಂದವು. ಕಾರ್ತಿಕ ಸೋಮವಾರ ಮೊದಲ ಗಡ್ಡೆಯನ್ನು ಶಿವನ ಮುಂದಿಟ್ಟು, ಮುಂದಿನ ವರ್ಷವೂ ಇದೇ ಮಣ್ಣಿನದನ್ನು ತರುತ್ತೇನೆಂದು ಹೇಳಿಕೊಂಡೆ. ತಪ್ಪು ನನ್ನದೇ.

ಅತ್ತೆ ಒಪ್ಪಲಿಲ್ಲ. "ದೇವ್ರೇನು ಒಂದೇ ಹಕ್ಕಲಲ್ಲಿ ಗೂಟ ಹೊಡ್ಕಂಡು ಕೂತಿದಾನೇನೇ ಮಾರಾಯ್ತಿ? ಶುಂಠಿ ಮಣ್ಣಿನ ಸಾರ ಎಲ್ಲ ಹೀರಿ ಹೋಗಿದೆ. ಅದ್ರ ರೋಗನೂ ಅಲ್ಲೇ ಕೂತಿರ್ತದೆ. ಎರಡು ವರ್ಷ ಬೇರೆ ಏನಾದ್ರೂ ಹಾಕು, ಆ ರೋಗ ಉಪವಾಸ ಬಿದ್ದು ಸೊರಗ್ತದೆ."

"ಹೇಳ್ಕಂಡು ಬಿಟ್ಟಿದೀನಲ್ಲ ಅತ್ತೆ."

ನಮ್ಮ ಮನೆಯವರು ನಕ್ಕರು. "ಶಿವಂಗೂ ಇವಳಿಗೂ ಮಾತುಕತೆ ಆಗಿದೆ, ನಾವ್ಯಾರು ನಡುವೆ?" ಬಿತ್ತನೆ ಶುಂಠಿಯಷ್ಟೂ ಮೇಲಿನ ಹಕ್ಕಲಿಗೇ ಹೋಯಿತು.

ಆಶ್ಲೇಷಾ ಮಳೆಯಲ್ಲಿ ಶುಂಠಿಯ ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾದವು. ಅತ್ತೆ ಒಂದು ಗಿಡ ಹಿಡಿದರು. ಎಳೆಯುವ ಮುಂಚೆಯೇ ಕೈಗೆ ಬಂತು. ಬುಡ ನೀರುನೀರಾಗಿ ಕೊಳೆತಿತ್ತು. ಅವರು ಬೈಯಲಿಲ್ಲ, ಕೈ ಮೂಸಿ ನೋಡಿ ಪಕ್ಕದ ಗಿಡಕ್ಕೆ ಕೈ ಹಾಕಿದರು. ಕೊಳೆತದ್ದನ್ನು ಕಿತ್ತು ಸುಟ್ಟೆವು, ಬೂದಿ ಹಾಕಿದೆವು, ಕಾಲುವೆ ಬಿಡಿಸಿದೆವು. ಆ ಕಾಲುವೆಯ ನೀರೇ ರೋಗ ಹೊತ್ತು ಕೆಳಗಿನ ಎರಡು ಹಕ್ಕಲುಗಳಿಗೂ ಹರಿಯಿತು. ಅತ್ತೆಯ ತಳಿಯ ಒಂದು ಗಡ್ಡೆಯೂ ಬಿತ್ತನೆಗೆ ಉಳಿಯಲಿಲ್ಲ.

ಅದೇ ವರ್ಷ, ಶುಂಠಿಗೆ ಸರದಿ ಬಂದಿದ್ದ ಹುರುಳಿ ನೆಲಕ್ಕೆ ರಾಗಿ ಚೆಲ್ಲಿದ್ದೆವು. ಹುರುಳಿಯ ಬೇರು, ಉದುರಿದ ಎಲೆ ತಿಂದ ಮಣ್ಣು. ಪೈರು ಕಪ್ಪುಹಸಿರಾಗಿ ಎದೆಯೆತ್ತರ ಬಂತು. ನೋಡಿದಾಗಲೆಲ್ಲ, ಇದೇ ಮಣ್ಣು ಶುಂಠಿಗೆ ಸಿಗಬೇಕಿತ್ತಲ್ಲ ಅನ್ನಿಸುತ್ತಿತ್ತು. ಆದರೂ ಉಂಡದ್ದು ಅದನ್ನೇ. ಶಿವ ಅಷ್ಟು ಉಳಿಸಿದ.

ಎರಡು ವರ್ಷ ಬಿಟ್ಟು ಶೆಟ್ಟಿಕೊಪ್ಪದ ನೆಂಟರಿಂದ ಒಂದು ಮಡಿಲು ಶುಂಠಿ ತಂದು ಎಲ್ಲಕ್ಕಿಂತ ಕೆಳಗಿನ ಹಕ್ಕಲಲ್ಲಿ ಊರಿದೆ. ಅದೂ ಹಳದಿಯಾಯಿತು. ಆಮೇಲೆ ನಮ್ಮಲ್ಲಿ ರಾಗಿ, ಹುರುಳಿ, ಮತ್ತೆ ರಾಗಿ.

ಅತ್ತೆಗೆ ಕೊನೆಕೊನೆಗೆ ನೆನಪು ಕಲಸಿತ್ತು. ಪ್ರತಿ ಭರಣಿ ಮಳೆಗೂ, ಶುಂಠಿ ಊರುವ ಹೊತ್ತಿಗೆ, ಜಗಲಿಯಿಂದ ಕೇಳುತ್ತಿದ್ದರು: "ಈ ವರ್ಷ ಶುಂಠಿ ಯಾವ ಹಕ್ಕಲಿಗೇ?"

"ಹುರುಳಿ ತೆಗೆದ ಹಕ್ಕಲಿಗೆ, ಅತ್ತೆ" ಎನ್ನುತ್ತಿದ್ದೆ.

"ಹಾಂ, ಹಂಗೇ ಮಾಡು" ಎಂದು ಸಮಾಧಾನದಿಂದ ಕಣ್ಣು ಮುಚ್ಚುತ್ತಿದ್ದರು. ನಾನು ಬಿತ್ತನೆ ರಾಗಿಯ ಬುಟ್ಟಿ ಎತ್ತಿಕೊಂಡು, ಅವರಿಗೆ ಕಾಣದ ಹಾಗೆ ಹಿತ್ತಿಲ ಬಾಗಿಲಿನಿಂದ ಹೋಗುತ್ತಿದ್ದೆ.