ಬರೆಯದ ಕಾಗದಕ್ಕೆ ಎಳನೀರು

ಸರ್ವಮಂಗಳ ತಿಪಟೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥೆ. ಅವಳು ಓದುವ ಹುಡುಗಿಯಾಗಿದ್ದಾಗಿನಿಂದ ನಾನು ಬಲ್ಲೆ. ಕೊಬ್ಬರಿಗೆ ಬೆಂಬಲ ಬೆಲೆ ಕೇಳಿ ನಾವು ರೈತರು ಹೆದ್ದಾರಿಯಲ್ಲಿ ಧರಣಿ ಕೂತಿದ್ದಾಗ ನೀರು ಹಂಚಲು ಬಂದಿದ್ದಳು. ಪತ್ರಿಕೆಯವನು ‘ಎಷ್ಟು ಜನ ಸೇರಿದಾರೆ?’ ಎಂದ. ನಾನು ‘ಐದು ಸಾವಿರ’ ಎಂದೆ. ಪಕ್ಕದಲ್ಲಿ ಕೊಡ ಹಿಡಿದು ನಿಂತಿದ್ದ ಇವಳು, ‘ಅಣ್ಣಾ, ಸಾವಿರ ಲೋಟ ತಂದಿದ್ದೆ, ಇನ್ನೂ ಅರ್ಧ ಹಂಗೇ ಉಳಿದಾವೆ’ ಅಂದಳು. ಹೋರಾಟಕ್ಕೆ ಇವಳು ನಾಲಾಯಕ್ಕು ಎಂದು ಅವತ್ತೇ ತೀರ್ಮಾನಿಸಿದೆ.

ಹೋದ ವರ್ಷ ಹಂದನಕೆರೆಯ ಕರಿಯಣ್ಣ ಬೆಳಗ್ಗೆಯೇ ನಮ್ಮ ಬಾಗಿಲಿಗೆ ಬಂದ. ನನ್ನ ಜೊತೆ ಎಲ್ಲ ಧರಣಿಗಳಲ್ಲೂ ಕೂತವನು. ಅವನ ಮಗ ಸುದೀಪನಿಗೆ ದೊಡ್ಡ ಸಂಶೋಧನಾ ಸಂಸ್ಥೆಯೊಂದರಲ್ಲಿ ಎಂ.ಎಸ್ಸಿ. ಸೇರುವ ಆಸೆ. ಅರ್ಜಿಯ ಜೊತೆ ಪಾಠ ಹೇಳಿದವರ ಶಿಫಾರಸು ಪತ್ರ ಬೇಕು. ಸರ್ವಮಂಗಳ ಬರೆಯಲ್ಲ ಅಂದಿದ್ದಾಳೆ.

‘ಎಮ್ಮೆಲ್ಲೆನೇ ಕೇಳಿದ ತಕ್ಷಣ ಬರ್ಕೊಡ್ತಾನೆ ಕಣಣ್ಣ. ಈ ಮೇಡಮ್ಮಂಗೆ ಏನಂತೆ ದೊಡ್ಡಸ್ತಿಕೆ? ಬಾ, ಹೋಗಿ ಕೂರಣ’ ಅಂದ.

ಹೋದೆವು. ಇಪ್ಪತ್ತು ಎಳನೀರು ಆಟೋದಲ್ಲಿ ನಮ್ಮ ಜೊತೆಯೇ ಬಂದವು. ಸುದೀಪ ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತಿದ್ದ. ನಮ್ಮನ್ನು ನೋಡಿ ಅವನ ಮುಖ ಸುಟ್ಟ ಬದನೆಕಾಯಿಯಂತಾಯಿತು.

‘ಏನಣ್ಣಾ, ಧರಣಿನಾ? ಚಾಪೆ ತಂದಿದೀರಾ?’ ಎಂದು ಸರ್ವಮಂಗಳ ಕುರ್ಚಿ ಎಳೆದು ಕೊಟ್ಟಳು. ಆಮೇಲೆ ಸುದೀಪನ ಕಡೆ ತಿರುಗಿ, ‘ಯಾಕೆ ಬರೆಯಲ್ಲ ಅಂತ ನಿಂಗೊಬ್ಬನಿಗೇ ಹೇಳಿದ್ದೆ ಕಣಪ್ಪ. ಈಗ ನಿಮ್ಮಪ್ಪನ ಮುಂದೆ ಹೇಳ್ಲಾ, ಬೇಡ್ವಾ?’

‘ಹೇಳಿ ಮೇಡಂ’ ಅಂದ ಹುಡುಗ, ನೆಲ ನೋಡುತ್ತಾ.

ಹುಡುಗ ಪತ್ರವನ್ನು ತಾನೇ ಬರೆದು ತಂದಿದ್ದನಂತೆ, ಸಹಿ ಒಂದು ಬಾಕಿ. ಅವಳು ಅದರ ಒಂದು ಸಾಲನ್ನು ಕನ್ನಡ ಮಾಡಿ ಓದಿದಳು: ‘ನನ್ನ ಸೇವಾವಧಿಯಲ್ಲಿ ನಾನು ಕಂಡ ಅತ್ಯಂತ ಪ್ರತಿಭಾವಂತ.’ ಓದಿ ನನ್ನ ಕಡೆ ನೋಡಿದಳು. ‘ಇಂಥ ಅತ್ಯಂತ ಪ್ರತಿಭಾವಂತರು ವರ್ಷಕ್ಕೆ ಏಳೆಂಟು ಜನ ಬರ್ತಾರೆ ಅಣ್ಣಾ, ಎಲ್ಲರ ಕೈಲೂ ಇದೇ ಕಾಗದ.’

‘ನಾಕು ಒಳ್ಳೆ ಮಾತು ಬರದ್ರೆ ನಿನ್ನ ಗಂಟೇನು ಹೋಯ್ತದವ್ವ?’ ಅಂದೆ ನಾನು.

‘ಇವನ ಸೀಟು ಹೋಗುತ್ತೆ. ಕಾಗದ ಇವನ ಕೈಗೆ ಕೊಡೋದಲ್ಲ. ಆ ಸಂಸ್ಥೆಯವರು ನನ್ನ ಇ-ಮೇಲಿಗೇ ಲಿಂಕು ಕಳಿಸ್ತಾರೆ. ಇವನ ಕೆಲಸ ಎಷ್ಟು ಹತ್ತಿರದಿಂದ ನೋಡಿದೀರಿ, ಉಳಿದ ಹುಡುಗರಿಗಿಂತ ಎಲ್ಲಿ ನಿಲ್ತಾನೆ, ಒಂದು ಉದಾಹರಣೆ ಕೊಡಿ ಅಂತಾರೆ. ನಂಗೆ ಗೊತ್ತಿರೋದು ಇಷ್ಟೇ: ಕೊನೇ ಬೆಂಚು, ಅಂಕ ಸುಮಾರು, ಪ್ರಾಕ್ಟಿಕಲ್‌ಗೆ ಬಂದ್ರೆ ಬಂದ. ಅದನ್ನ ಬರೆದ್ರೆ, ಗೊತ್ತಿರೋ ಮೇಷ್ಟ್ರೇ ಇಷ್ಟು ಸಪ್ಪೆಯಾಗಿ ಬರೆದಿದಾರಲ್ಲಾ ಅಂತ ಅರ್ಜಿ ಪಕ್ಕಕ್ಕಿಡ್ತಾರೆ. ಸುಳ್ಳು ಬರೆದ್ರೆ ಮುಂದಿನ ವರ್ಷ ನಿಜವಾದ ಹುಡುಗಿಗೆ ಬರೆದಿದ್ದನ್ನೂ ಯಾರೂ ನಂಬಲ್ಲ.’

ಕರಿಯಣ್ಣ ಮಗನನ್ನು ನೋಡಿದ. ‘ಪ್ರಾಕ್ಟಿಕಲ್ ಟೈಮ್ನಾಗೆ ಎಲ್ಲೋಗಿದ್ದೆಲಾ?’

‘ದಯಾನಂದ್ ಸಾರ್ ಜೊತೆ ತೋಟಕ್ಕೆ.’

ದಯಾನಂದ್ ಅದೇ ಕಾಲೇಜಿನ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕ. ತೆಂಗಿನ ಗರಿ ತಿನ್ನುವ ಕಪ್ಪುತಲೆ ಹುಳುವಿನ ಹಿಂದೆ ಬಿದ್ದವನು. ಸುದೀಪ ಎರಡು ವರ್ಷ ವಾರವಾರವೂ ತೋಟಗಳಲ್ಲಿ ಗರಿ ಕೊಯ್ದು, ಹುಳ ಎಣಿಸಿ ಅವನಿಗೆ ತಂದುಕೊಟ್ಟಿದ್ದ.

‘ಅದನ್ನೇ ಕಣೋ ಅವತ್ತೂ ಹೇಳಿದ್ದು’ ಅಂದಳು ಸರ್ವಮಂಗಳ. ‘ದಯಾನಂದ್ ಹತ್ರ ಹೋಗು ಅಂದ್ರೆ ಏನಂದೆ?’

‘ಅವರು ಪರ್ಮನೆಂಟ್ ಅಲ್ಲ ಮೇಡಂ. ನೀವು ಎಚ್‌ಓಡಿ. ನಿಮ್ಮ ಹೆಸರಿಗೆ ತೂಕ ಜಾಸ್ತಿ.’

‘ತೂಕವೇ ಬೇಕಿದ್ರೆ ಕಾಗದದ ಬದಲು ನಾನೇ ಹೋಗ್ತಿದ್ದೆ ಬುಡು’ ಎಂದು ಅವಳು ತನ್ನ ಹೊಟ್ಟೆ ತಟ್ಟಿಕೊಂಡು ನಕ್ಕಳು. ‘ನಿನ್ನ ಕೆಲಸ ಕಣ್ಣಾರೆ ಕಂಡೋನು ಅವನು. ಅರ್ಜಿಯ ಕೊನೇ ದಿನಕ್ಕೆ ಇನ್ನೂ ಮೂರು ವಾರ ಇದೆ, ಬೇರೆಯವರನ್ನ ಕೇಳೋಕೆ ಟೈಮಿರಲಿ ಅಂತಲೇ ನೀನು ಕೇಳಿದ ದಿನವೇ ನಾನು ಇಲ್ಲ ಅಂದಿದ್ದು. ಚೆನ್ನಾಗಿ ಬರೀತೀರಾ ಅಂತ ಅವನನ್ನ ನೇರ ಕೇಳು. ಅಂಕಪಟ್ಟಿ, ನೀನು ಮಾಡಿದ್ದೆಲ್ಲ ಒಂದು ಪುಟ ಬರೆದು ಕೊಡು. ಹೊಗಳಿಕೆ ಮಾತ್ರ ನೀನೇ ಬರೀಬೇಡ.’

ಎದ್ದೆವು. ಎಳನೀರನ್ನು ಅವಳು ಇಳಿಸಗೊಡಲಿಲ್ಲ. ಬಂದ ಆಟೋದಲ್ಲೇ ಅವೂ ವಾಪಸ್ಸಾದವು. ಬಾಳಿನಲ್ಲಿ ನಾನು ಗೆದ್ದ ಧರಣಿ ಕಡಿಮೆ. ಇಷ್ಟು ಬೇಗ ಸೋತದ್ದು ಇದೊಂದೇ.

ದಯಾನಂದ್ ಬರೆದ. ಸಂದರ್ಶನದಲ್ಲಿ ಸಂಸ್ಥೆಯವರು ಬೇರೇನೂ ಕೇಳಲಿಲ್ಲವಂತೆ, ಹುಳುವಿನದ್ದೇ ಮಾತು. ಕೊನೇ ಬೆಂಚಿನ ಈ ಮೂಗ ಅಲ್ಲಿ ಅವರು ಸಾಕಪ್ಪ ಅನ್ನುವವರೆಗೂ ಮಾತಾಡಿದನಂತೆ. ಮೊದಲ ಪಟ್ಟಿಯಲ್ಲಿ ಹೆಸರಿರಲಿಲ್ಲ, ಎರಡನೆಯದರಲ್ಲಿ ಬಂತು.

ಕರಿಯಣ್ಣ ಮತ್ತೆ ಆಟೋ ಮಾಡಿಸಿದ. ಅರ್ಧ ಎಳನೀರು ದಯಾನಂದನ ಬಾಡಿಗೆ ಕೋಣೆಯಲ್ಲಿ ಇಳಿದವು. ಉಳಿದದ್ದನ್ನು ಸರ್ವಮಂಗಳಳ ಮನೆ ಮುಂದೆ ಇಳಿಸಹೊರಟಾಗ ಅವಳು ಬಾಗಿಲಿಗೆ ಅಡ್ಡ ನಿಂತಳು.

‘ಕರಿಯಣ್ಣನೋರೆ, ನಾನು ಒಂದಕ್ಷರ ಬರೆದಿಲ್ಲ ಕಣ್ರೀ. ಯಾತಕ್ಕಿದು?’

‘ಬರೀದೇ ಇದ್ದುದ್ಕೇ ಕಣವ್ವ’ ಅಂದ ಅವನು, ಗೊನೆಯನ್ನು ಅವಳ ಕಾಲ ಬಳಿ ಇಳಿಸುತ್ತಾ. ‘ಬರ್ಕೊಟ್ಟಿದ್ರೆ ಹುಡುಗ ಕೆಡ್ತಿದ್ದ.’