ಪ್ರಮೀಳಾ ಮಿಸ್ಸಿನ ಶೀಟುಗಳು

ಮರಳೂರಿನ ಆ ಶಾಲೆಯಲ್ಲಿ ಎರಡನೇ ತರಗತಿಯ ಗಣಿತ ಎಂದರೆ ಪ್ರಮೀಳಾ ಮಿಸ್, ಪ್ರಮೀಳಾ ಮಿಸ್ ಎಂದರೆ ಜೆರಾಕ್ಸ್. ಉಪ್ಪಾರಹಳ್ಳಿಯ ಮನೆಯಿಂದ ಸ್ಕೂಟಿಯಲ್ಲಿ ಹೊರಟವರು ಜೆರಾಕ್ಸ್ ಅಂಗಡಿಯ ಮುಂದೆ ನಿಲ್ಲದೆ ಶಾಲೆ ಸೇರಿದ ದಿನ ಈ ಹನ್ನೆರಡು ವರ್ಷದಲ್ಲಿ ಒಂದೂ ಇರಲಿಲ್ಲ. ಕೂಡುವ ಶೀಟು, ಕಳೆಯುವ ಶೀಟು, ಕೂಡಿ ಕಳೆಯುವ ಶೀಟು. ಅಂಗಡಿಯವನು ಅವರನ್ನು ದೂರದಿಂದ ಕಂಡರೆ ಮೊದಲು ಮೆಷಿನ್ನಿಗೆ ಕಾಗದ ತುಂಬಿ ಆಮೇಲೆ ನಮಸ್ಕಾರ ಹೇಳುತ್ತಿದ್ದ.

ಶಾಲೆಯ ಕಾರ್ಯದರ್ಶಿ ಮಹಾದೇವಯ್ಯನವರಿಗೆ ಇಂಥ ಟೀಚರ್ ಎಂದರೆ ಪ್ರಾಣ. ಅವರು ಮಕ್ಕಳ ನೋಟ್‌ಬುಕ್ಕನ್ನು ಓದಿ ನೋಡುವ ಪೈಕಿಯವರಲ್ಲ, ಅಂಗೈ ಮೇಲಿಟ್ಟು ತೂಗಿ ನೋಡುವವರು. ಶೀಟು ಅಂಟಿಸಿ ಅಂಟಿಸಿ ಉಬ್ಬಿದ ಪುಸ್ತಕ ಕೈಗೆ ಬಂದರೆ, "ಭಾರಾ ಇದೆ, ಭಾರಾ ಇದೆ" ಎಂದು ತಲೆದೂಗುತ್ತಿದ್ದರು. ಆ ಹೊಗಳಿಕೆ ಕೇಳಿ ಪ್ರಮೀಳಾ ಮಿಸ್ ಮರುದಿನ ಇನ್ನೂ ಹತ್ತು ಲೆಕ್ಕ ಜಾಸ್ತಿ ಸೇರಿಸುತ್ತಿದ್ದರು.

ಈ ವರ್ಷ ಆ ತರಗತಿಗೆ ಇಂಪನಾ ಬಂದಳು. ಉಳಿದ ಮಕ್ಕಳು ಪೆನ್ಸಿಲ್ ಚೂಪು ಮಾಡಿ ಕೂರುವುದರೊಳಗೆ ಇಪ್ಪತ್ತು ಲೆಕ್ಕ ಮಾಡಿ ಕೈ ಎತ್ತುವ ಹುಡುಗಿ. ಪ್ರಮೀಳಾ ಮಿಸ್ಸಿಗೆ ಖುಷಿಯೋ ಖುಷಿ. ಅವರ ಬಳಿ ಖುಷಿ ತೋರಿಸಲು ಇದ್ದದ್ದು ಒಂದೇ ದಾರಿ: ಇನ್ನೊಂದು ಶೀಟು. ಅದೂ ಮುಗಿದರೆ ಮತ್ತೊಂದು, ಅಂಕಿ ಮಾತ್ರ ಸ್ವಲ್ಪ ದೊಡ್ಡದು.

ಒಂದು ತಿಂಗಳು ಕಳೆಯಿತು. ಇಂಪನಾ ಕೈ ಎತ್ತುವುದು ನಿಂತಿತು. ಬೆಲ್ಲು ಹೊಡೆದರೂ ಮೊದಲ ಶೀಟಿನ ಮೇಲೇ ಬಗ್ಗಿ ಕೂತಿರುತ್ತಿದ್ದಳು. ಕೇಳಿದರೆ, "ಇನ್ನೂ ಮುಗ್ದಿಲ್ಲ ಮಿಸ್" ಎನ್ನುತ್ತಿದ್ದಳು. ಪ್ರಮೀಳಾ ಮಿಸ್ ಬಹಳ ನೊಂದುಕೊಂಡರು. ನೊಂದುಕೊಂಡು, ಹಿಂದುಳಿದವರ ಪಟ್ಟಿಯಲ್ಲಿ ಇಂಪನಾಳ ಹೆಸರನ್ನು ತಮ್ಮ ಮುದ್ದಾದ ಅಕ್ಷರದಲ್ಲಿ ಬರೆದು ಗುರುವಾರ ಮಹಾದೇವಯ್ಯನವರ ಕೈಗೆ ಕೊಟ್ಟರು. ಪಟ್ಟಿ ಸೇರಿದವರು ನಾಲ್ಕು ಗಂಟೆಯ ಮೇಲೆ ವಿಶೇಷ ತರಗತಿಗೆ ಉಳಿಯಬೇಕು. ವಿಶೇಷ ಎಂದರೆ ಅವೇ ಶೀಟುಗಳು.

ಶುಕ್ರವಾರ ಅವರ ಕಣ್ಣು ಇಂಪನಾಳ ಡೆಸ್ಕಿನ ಮೇಲೆ ಬಿತ್ತು. ತುಂಬಾ ರಬ್ಬರಿನ ಪುಡಿ. ಹುಡುಗಿ ಉತ್ತರ ಬರೆಯುತ್ತಿದ್ದಳು, ಸರಿಯಾದ ಉತ್ತರವನ್ನೇ. ಬರೆದು ಅಳಿಸುತ್ತಿದ್ದಳು. ಅಳಿಸಿ, ಊದಿ, ಅದೇ ಉತ್ತರವನ್ನು ಮತ್ತೆ ಬರೆಯುತ್ತಿದ್ದಳು.

"ಯಾಕೇ ಇಂಪನಾ? ಸರಿ ಇತ್ತಲ್ಲ?"

"ಬೇಗ ಮುಗಿಸಿದ್ರೆ ಇನ್ನೊಂದ್ ಶೀಟ್ ಕೊಡ್ತೀರಲ್ಲ ಮಿಸ್."

ಹನ್ನೆರಡು ವರ್ಷದ ಸರ್ವೀಸಿನಲ್ಲಿ ಯಾವ ಅಧಿಕಾರಿಯೂ ಅವರ ಕೆಲಸವನ್ನು ಇಷ್ಟು ಚೆನ್ನಾಗಿ ಪರಿಶೀಲಿಸಿರಲಿಲ್ಲ. ಪ್ರಮೀಳಾ ಮಿಸ್ಸಿನ ಮುಖ ಸುಟ್ಟಂತಾಯಿತು. ಓಡುವ ಹುಡುಗಿಗೆ ಕುಂಟುವುದನ್ನು ತಾವೇ ಕೈ ಹಿಡಿದು ಕಲಿಸಿದ್ದರು.

ಭಾನುವಾರ ಕುಣಿಗಲ್ಲಿನ ತವರುಮನೆಗೆ ಹೋದರು. ಅಣ್ಣ ಗಂಗರಾಜು ಪಕ್ಕದ ಹಳ್ಳಿಯ ಸರ್ಕಾರಿ ಶಾಲೆಯ ಮೇಷ್ಟ್ರು. ಅವರ ಶಾಲೆಯಲ್ಲಿ ಜೆರಾಕ್ಸ್ ಇರಲಿಲ್ಲ, ಹಾಗಾಗಿ ಯೋಚನೆ ಮಾಡುವುದು ಅನಿವಾರ್ಯವಾಗಿತ್ತು. ತಂಗಿಯ ಗೋಳು ಕೇಳಿ ಗಂಗರಾಜು ಎದ್ದು ಎರಡು ಬಟ್ಟಲು, ಆರು ಹುಣಸೆ ಬೀಜ ತಂದಿಟ್ಟರು.

"ಇದು ಹತ್ತರ ಬಟ್ಲು, ಇದು ಬಿಡಿ ಬಟ್ಲು. ಇದ್ರಲ್ಲಿ ಬಿದ್ದ ಬೀಜ ಒಂದೊಂದೂ ಹತ್ತು, ಅದ್ರಲ್ಲಿ ಬಿದ್ದಿದ್ದು ಒಂದೊಂದು. ಪ್ರತಿ ಸಲ ಆರೂ ಬೀಜ ಹಾಕ್ಬೇಕು. ಎಷ್ಟು ಬೇರೆ ಬೇರೆ ಸಂಖ್ಯೆ ಬರ್ತವೆ ಹೇಳು."

ಪ್ರಮೀಳಾ ಮಿಸ್ ಬೆರಳೆಣಿಸಿ, "ಆರು" ಎಂದರು.

"ಏಳು ಕಣಮ್ಮ. ಹತ್ತರ ಬಟ್ಲು ಖಾಲಿ ಇದ್ರೆ ಬರೀ ಆರು, ಅದನ್ನ ಬಿಟ್ಟೆ" ಎಂದು ಅಣ್ಣ ನಕ್ಕರು. "ಆ ಮಗೀಗೆ ದೊಡ್ಡ ಅಂಕಿ ಕೊಟ್ಟು ಓಡಿಸ್ಬೇಡ. ಕಷ್ಟದ್ದೊಂದ್ ನಾಕು ಲೆಕ್ಕ ಕೊಟ್ಟು, ಬರುತ್ತೆ ಅಂತ ನೋಡ್ಕೊ. ಆಮೇಲೆ ಇಂಥದ್ದು ಒಂದೇ ಕೊಡು. ಶೀಟಿನ ಜೊತೆಗಲ್ಲ, ಶೀಟಿನ ಬದ್ಲು. ಎಲ್ಲಾ ಸಿಕ್ತು ಅಂತ ಹೆಂಗ್ ಗೊತ್ತು ಅಂತ ಕೇಳು. ಕೇಳಿ ಬಾಯ್ ಮುಚ್ಕೊಂಡಿರು."

ಕೊನೆಯ ಸಲಹೆಯೇ ಅತಿ ಕಷ್ಟದ್ದು. ಸೋಮವಾರ ನಾಲ್ಕು ಕಷ್ಟದ ಲೆಕ್ಕ ಮಾಡಿಸಿ ನೋಡಿ, ಶೀಟಿನ ಬದಲು ಬಟ್ಟಲು, ಬೀಜ ಕೊಟ್ಟರು. ಇಂಪನಾ ಮನಸ್ಸಿಗೆ ಬಂದಂತೆ ಬೀಜ ಹಾಕಿ 33, 15, 42 ಎಂದು ಬರೆದು, 33ನ್ನು ಮತ್ತೊಮ್ಮೆ ಬರೆದಾಗ ಪ್ರಮೀಳಾ ಮಿಸ್ಸಿಗೆ ನಾಲಿಗೆ ತುರಿಸಿತು. ತಡೆದುಕೊಂಡರು. ಮಂಗಳವಾರ ಹುಡುಗಿ ತಾನೇ ಸಾಲಾಗಿ ಜೋಡಿಸಿದಳು: 60, 51, 42, 33, 24, 15, 6. ಬುಧವಾರ, ಪ್ರತಿ ಸಲ ಒಂಬತ್ತೇ ಕಡಿಮೆಯಾಗುವುದು ಕಣ್ಣಿಗೆ ಬಿತ್ತು. ಅದ್ಯಾಕೆ ಎಂದು ಎರಡು ದಿನ ಬೀಜ ಕೈಯಲ್ಲಿ ಹಿಡಿದು ಕೂತಳು. ವಾರಕ್ಕೆಲ್ಲ ಬರೆದದ್ದು ಎರಡೇ ಪುಟ.

ಶನಿವಾರ ಪೋಷಕರ ಸಭೆ. ಮಹಾದೇವಯ್ಯ ಇಂಪನಾಳ ಪುಸ್ತಕವನ್ನು ಅಂಗೈ ಮೇಲಿಟ್ಟು ಮುಖ ಸೊಟ್ಟಗೆ ಮಾಡಿದರು. "ವಾರದಿಂದ ಭಾರಾನೇ ಏರಿಲ್ಲ ಮೇಡಂ. ಪಟ್ಟೀಲಿ ಹೆಸರಿರೋದು ಸರಿಯಾಗೇ ಇದೆ."

ಹುಡುಗಿಯ ತಂದೆ ಲಕ್ಷ್ಮೀಕಾಂತ್, ಗುಬ್ಬಿ ಕಡೆಯವರು, ಬ್ಯಾಂಕಿನಲ್ಲಿ ಕೆಲಸ. ಅವರು ರೇಗಿದರು. "ವಾರಕ್ಕೆ ಎರಡೇ ಪೇಜಾ ಮಿಸ್? ಸ್ಲೋ ಆಗ್ದೆ ಇನ್ನೇನಾಗ್ತಾಳೆ? ಜಾಸ್ತಿ ಲೆಕ್ಕ ಕೊಡಿ."

ಪ್ರಮೀಳಾ ಮಿಸ್ ಬಟ್ಟಲುಗಳನ್ನು ಮೇಜಿನ ಮೇಲಿಟ್ಟರು. "ಆ ಹೆಸರು ತಪ್ಪಾಗಿ ಬರ್ದಿದ್ದು ನಾನೇ ಸಾರ್. ಮೊದ್ಲು ಇದಕ್ಕೆ ನೀವು ಉತ್ತರ ಹೇಳಿ" ಎಂದು ಆರು ಬೀಜದ ಪ್ರಶ್ನೆ ಕೇಳಿದರು.

ಲಕ್ಷ್ಮೀಕಾಂತ್ ಆರು ಎಂದರು. ಮಹಾದೇವಯ್ಯ ಆರು ಬೀಜವನ್ನು ಎರಡು ಬಟ್ಟಲಿನಿಂದ ಗುಣಿಸಿ, ಗಂಭೀರವಾಗಿ, "ಹನ್ನೆರಡು" ಎಂದರು.

ಇಂಪನಾ ಏಳನ್ನೂ ಇಟ್ಟು ತೋರಿಸಿದಳು. "ಹತ್ತರ ಬಟ್ಲಲ್ಲಿ ಆರು, ಐದು, ನಾಕು, ಹಿಂಗೇ ಏನೂ ಇಲ್ದಿರೋವರ್ಗೂ. ಮಧ್ಯದಲ್ಲಿ ಯಾವ್ದೂ ಬಿಟ್ಟಿಲ್ಲ, ಅದ್ಕೇ ಎಲ್ಲಾ ಸಿಕ್ತು."

"ಒಂಬತ್ತೊಂಬತ್ತೇ ಯಾಕಮ್ಮ ಕಮ್ಮಿ ಆಗ್ತಿದೆ? ಒಂಬತ್ತರ ಮಗ್ಗಿಯಾ?" ಎಂದರು ತಂದೆ.

"ಮಗ್ಗೀಲಿ ಅರವತ್ತು ಬರಲ್ವಲ್ಲಪ್ಪ. ಒಂದ್ ಬೀಜ ಈ ಕಡೆ ಹಾಕಿದ್ರೆ ಹತ್ತು ಹೋಗುತ್ತೆ, ಒಂದು ಬರುತ್ತೆ. ಒಂಬತ್ತು ತಾನೇ ಕಮ್ಮಿ ಆಗೋದು?" ಎಂದ ಇಂಪನಾ ಆಮೇಲೆ ಯಾರಿಗೂ ಅಲ್ಲದಂತೆ, "ನೂರರ ಬಟ್ಲೂ ಇದ್ರೆ ಎಷ್ಟಾಗುತ್ತೆ?" ಎಂದಳು.

ಮಹಾದೇವಯ್ಯ ಪೆನ್ನು ತೆಗೆದು ಪಟ್ಟಿಯಿಂದ ಹೆಸರು ಹೊಡೆದುಹಾಕಿದರು. ಪ್ರಮೀಳಾ ಮಿಸ್ ಉಸಿರು ಬಿಟ್ಟರು, ಆದರೆ ಪೂರ್ತಿ ಬಿಡಲಾಗಲಿಲ್ಲ.

"ಭೇಷ್ ಮೇಡಂ! ಫಸ್ಟ್ ಕ್ಲಾಸಾಗಿದೆ. ಸೋಮವಾರದಿಂದ ದಿನಾ ಇಂಥವೇ ನಲವತ್ತು ಶೀಟ್ ಹೊಡ್ಸಿ!"

ಇಂಪನಾಳ ಕೈ ಮೆಲ್ಲಗೆ ಕಂಪಾಸ್ ಬಾಕ್ಸಿನೊಳಗೆ ಹೋಗಿ ರಬ್ಬರನ್ನು ಹುಡುಕುತ್ತಿರುವುದು ಪ್ರಮೀಳಾ ಮಿಸ್ಸಿಗೆ ಕಾಣಿಸಿತು. ಆದರೂ ನಗುತ್ತಾ, "ಆಯ್ತು ಸಾರ್, ನಲವತ್ತು" ಎಂದರು.

ಸೋಮವಾರ ಮಹಾದೇವಯ್ಯ ಕಟ್ಟನ್ನು ಅಂಗೈ ಮೇಲಿಟ್ಟು ತೂಗಿದರು, ಎಣಿಸಿದರು, ತೃಪ್ತಿಯಿಂದ ಕಳಿಸಿದರು. ಓದಲಿಲ್ಲ, ಎಂದೂ ಓದಿದವರಲ್ಲ. ತರಗತಿಯಲ್ಲಿದ್ದ ಮಕ್ಕಳು ನಲವತ್ತು. ತಲೆಗೊಂದು ಶೀಟು, ಶೀಟಿಗೊಂದೇ ಪ್ರಶ್ನೆ: ನೂರು, ಹತ್ತು, ಬಿಡಿ ಎಂದು ಮೂರು ಬಟ್ಟಲು, ಮೂರು ಬೀಜ. ಎಷ್ಟು ಸಂಖ್ಯೆ ಬರುತ್ತವೆ? ಎಲ್ಲಾ ಸಿಕ್ಕಿವೆ ಎಂದು ಹೇಗೆ ಗೊತ್ತು? ಇಂಪನಾಳ ಶೀಟಿನಲ್ಲಿ ಮಾತ್ರ ಮೂರನ್ನು ಹೊಡೆದು ಕೈಯಲ್ಲಿ ಆರು ಎಂದು ತಿದ್ದಿತ್ತು.

ಊಟದ ಬೆಲ್ಲು ಹೊಡೆಯಿತು. ಮಕ್ಕಳೆಲ್ಲ ಟಿಫನ್ ಬಾಕ್ಸ್ ಹಿಡಿದು ಹೊರಗೆ ಓಡಿದರು. ಇಂಪನಾ ಏಳಲಿಲ್ಲ. ಡೆಸ್ಕಿನ ಮೇಲೆ ರಬ್ಬರಿನ ಪುಡಿ ಒಂದಿಷ್ಟೂ ಇರಲಿಲ್ಲ.

"ಇನ್ನೂ ಮುಗ್ದಿಲ್ಲ ಮಿಸ್" ಎಂದಳು, ತಲೆ ಎತ್ತದೆ.

ಈ ಸಲ ಆ ಮಾತು ನಿಜವಾಗಿತ್ತು. ಪ್ರಮೀಳಾ ಮಿಸ್ ತಮ್ಮ ಊಟದ ಡಬ್ಬಿ ಮುಚ್ಚಿ, ಅವಳ ಪಕ್ಕದ ಬೆಂಚಿನಲ್ಲಿ ಬಾಯಿ ಮುಚ್ಚಿಕೊಂಡು ಕುಳಿತರು.